ಎಂ ಬ್ಯಾಂಡ್ ಓದುವುದು ಹೇಗೆ?

ರಕ್ತದ ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ನೋಡುವ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆಯ ವರದಿಯಲ್ಲಿ ಒಂದು ಗ್ರಾಫ್ ಇರುತ್ತದೆ. ಸಾಮಾನ್ಯವಾಗಿ ಎಡಗಡೆ ಎತ್ತರದ ಶಿಖರ, ನಡುವೆ ಸಣ್ಣ ಉಬ್ಬುಗಳು, ಬಲಗಡೆ ತಗ್ಗಾದ ಅಗಲ ದಿಬ್ಬ. ಆ ದಿಬ್ಬದ ಜಾಗದಲ್ಲಿ ಚೂಪಾದ ಶಿಖರವೊಂದು ಎದ್ದಿದ್ದರೆ ಅದೇ ಎಂ ಬ್ಯಾಂಡ್, ಅಂದರೆ ಒಂದೇ ಕೋಶದ ಸಂತತಿ ಮಾಡಿದ ಪ್ರತಿಕಾಯದ ಗುರುತು, ಇರಬಹುದು. ಅದನ್ನು ಓದುವ ಮೊದಲು ಗ್ರಾಫ್ ಹೇಗೆ ಹುಟ್ಟುತ್ತದೆ ಎಂದು ನೋಡೋಣ.

ಮೊದಲ ಹೆಜ್ಜೆ, ಸ್ಯಾಂಪಲ್. ರಕ್ತ ಪೂರ್ತಿ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ಸೀರಮ್ ತೆಗೆದುಕೊಳ್ಳಬೇಕು. ಹೆಪ್ಪುಗಟ್ಟಲು ಬಿಡದ ರಕ್ತದ ಪ್ಲಾಸ್ಮಾ ಬಳಸಿದರೆ ಅದರಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜೆನ್ ಉಳಿದಿರುತ್ತದೆ. ಅದು ಗ್ರಾಫ್‌ನ ಬೀಟಾ ಮತ್ತು ಗಾಮಾ ಭಾಗಗಳ ನಡುವೆ ಸಪೂರ ಪಟ್ಟಿಯಾಗಿ ಕಾಣಿಸಿ, ಥೇಟ್ ಎಂ ಬ್ಯಾಂಡ್‌ನಂತೆ ಮೋಸ ಮಾಡುತ್ತದೆ. ಅನುಮಾನ ಬಂದರೆ ಮೊದಲು ಟ್ಯೂಬ್ ಯಾವುದು ಎಂದು ವಿಚಾರಿಸಿ.

ಎರಡನೆಯದು, ಓಟ. ಅಗರೋಸ್ ಜೆಲ್ ಮೇಲೆ ಸೀರಮ್ ಹಚ್ಚಿ ವಿದ್ಯುತ್ ಹರಿಸುತ್ತಾರೆ. ಬಫರ್‌ನ ಪಿಎಚ್ ಸುಮಾರು 8.6. ಈ ಕ್ಷಾರದಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರೋಟೀನ್‌ಗಳಿಗೂ ಋಣ ಚಾರ್ಜ್ ಬರುತ್ತದೆ, ಹಾಗಾಗಿ ಅವು ಧನ ಧ್ರುವದ ಕಡೆ ಹೊರಡುತ್ತವೆ. ಆಲ್ಬುಮಿನ್‌ಗೆ ಚಾರ್ಜ್ ಜಾಸ್ತಿ, ಅದು ಎಲ್ಲರಿಗಿಂತ ಮುಂದೆ ಹೋಗುತ್ತದೆ. ಅದರ ಹಿಂದೆ ಆಲ್ಫಾ 1, ಆಲ್ಫಾ 2, ಬೀಟಾ. ಪ್ರತಿಕಾಯಗಳಿರುವ ಗಾಮಾ ಎಲ್ಲಕ್ಕಿಂತ ಹಿಂದೆ.

ಇಲ್ಲೊಂದು ತಮಾಷೆ ಇದೆ. ಗಾಮಾದ ಎಷ್ಟೋ ಪ್ರೋಟೀನ್‌ಗಳು ಹೊರಟ ಜಾಗಕ್ಕಿಂತಲೂ ಹಿಂದಕ್ಕೆ, ಋಣ ಧ್ರುವದ ಕಡೆ ಬಂದಿರುತ್ತವೆ. ಜೆಲ್‌ಗೂ ಸ್ವಲ್ಪ ಋಣ ಚಾರ್ಜ್ ಇರುವುದರಿಂದ ಬಫರ್ ದ್ರವವೇ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತದೆ. ಚಾರ್ಜ್ ಕಡಿಮೆ ಇರುವ ಗಾಮಾ ಈ ಹರಿವಿಗೆ ಎದುರು ಈಜಲಾರದು.

ಆಮೇಲೆ ಪ್ರೋಟೀನ್‌ಗಳನ್ನು ಇದ್ದಲ್ಲೇ ಕೂರಿಸಿ, ಬಣ್ಣ ಹಾಕಿ, ಹೆಚ್ಚಾದ ಬಣ್ಣ ತೊಳೆದು, ಡೆನ್ಸಿಟೋಮೀಟರ್‌ನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಈ ಯಂತ್ರ ಕೊಡುವುದು ಬರೀ ಶೇಕಡಾ ಲೆಕ್ಕ. ಬೇರೆಯಾಗಿ ಅಳೆದ ಒಟ್ಟು ಪ್ರೋಟೀನ್‌ನಿಂದ ಅದನ್ನು ಗುಣಿಸಿದರೆ ಗ್ರಾಂ ಸಿಗುತ್ತದೆ.

ಈಗ ಓದುವ ಕೆಲಸ. ಮೊದಲು ಆಕಾರ ನೋಡಿ, ಅಂಕಿ ಆಮೇಲೆ. ದೀರ್ಘಕಾಲದ ಸೋಂಕು, ಲಿವರ್ ತೊಂದರೆ, ಆಟೋಇಮ್ಯೂನ್ ಕಾಯಿಲೆಗಳಲ್ಲಿ ಸಾವಿರಾರು ಬಗೆಯ ಕೋಶಗಳು ತಮ್ಮ ತಮ್ಮ ಪ್ರತಿಕಾಯ ಮಾಡುತ್ತವೆ. ಒಂದೊಂದರ ಚಾರ್ಜ್ ಒಂದೊಂದು ತರಹ. ಅವು ಹರಡಿಕೊಂಡು ನಿಲ್ಲುವುದರಿಂದ ದಿಬ್ಬ ಎತ್ತರವಾದರೂ ಅಗಲವಾಗಿಯೇ ಇರುತ್ತದೆ. ಒಂದೇ ಕೋಶದ ಸಂತತಿ ಬೆಳೆದರೆ ಮಾತ್ರ ಎಲ್ಲ ಅಣುಗಳೂ ಒಂದೇ ತರಹ ಇದ್ದು ಒಂದೇ ಜಾಗದಲ್ಲಿ ಗುಂಪಾಗುತ್ತವೆ, ಶಿಖರ ಚೂಪಾಗುತ್ತದೆ.

ಒಂದು ಲೆಕ್ಕ ಹಾಕೋಣ. ಬೆನ್ನುನೋವು, ಸುಸ್ತು ಎಂದು ಬಂದ ಒಬ್ಬರ ಒಟ್ಟು ಪ್ರೋಟೀನ್ 100 ಮಿ.ಲೀ.ಗೆ 9 ಗ್ರಾಂ. ಒಟ್ಟಿನಲ್ಲಿ ಗಾಮಾ ಶೇ 38, ಆ 38ರಲ್ಲಿ ಚೂಪಾದ ಶಿಖರದ ಪಾಲೇ 32. ಅಂದರೆ ಎಂ ಪ್ರೋಟೀನ್ 2.88 ಗ್ರಾಂ. ಉಳಿದ ಗಾಮಾ ಬರೀ 0.54 ಗ್ರಾಂ.

ಲಕ್ಷಣ ತರದ ಎಂಜಿಯುಎಸ್ ಎಂಬ ಸ್ಥಿತಿಗೆ ಇರುವ ಗಡಿಗಳಲ್ಲಿ ಒಂದು 3 ಗ್ರಾಂ. 2.88 ಅದರ ಒಳಗೇ ಇದೆ, ಸರಿ ಅಲ್ವಾ? ಅಷ್ಟು ಬೇಗ ಹೇಳುವಂತಿಲ್ಲ. ಎಂಜಿಯುಎಸ್ ಎನ್ನಲು ಮೂಳೆಮಜ್ಜೆಯಲ್ಲಿ ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶಗಳು ಶೇ 10ಕ್ಕಿಂತ ಕಡಿಮೆ ಇರಬೇಕು. ಜೊತೆಗೆ ಈ ಕೋಶಗಳ ದೆಸೆಯಿಂದ ಕ್ಯಾಲ್ಸಿಯಂ ಏರಿರಬಾರದು, ಕಿಡ್ನಿ, ರಕ್ತ, ಮೂಳೆಗೆ ಪೆಟ್ಟು ಬಿದ್ದಿರಬಾರದು. ಇವರಿಗೆ ಬೆನ್ನುನೋವಿದೆ, ಬೇರೆ ಪ್ರತಿಕಾಯಗಳೂ ಕುಗ್ಗಿವೆ. ನನ್ನ ಮಟ್ಟಿಗೆ 2.88ಕ್ಕಿಂತ ಆ 0.54 ಹೆಚ್ಚು ಚಿಂತೆಯದು.

ಇನ್ನೊಂದು ತೊಡಕು, ಶಿಖರವನ್ನು ಅಳೆಯುವ ರೀತಿ. ಕೆಲವು ಲ್ಯಾಬ್‌ಗಳು ಶಿಖರದ ಎರಡೂ ಬದಿಯಿಂದ ತಳದವರೆಗೆ ನೇರ ಗೆರೆ ಎಳೆಯುತ್ತವೆ. ಕೆಲವು ಕೆಳಗಿನ ದಿಬ್ಬವನ್ನು ಬಿಟ್ಟು ಮೇಲಿನ ಭಾಗವನ್ನಷ್ಟೇ ಅಳೆಯುತ್ತವೆ. ಎರಡನೆಯ ರೀತಿಯಲ್ಲಿ ಅಂಕಿ ಕಡಿಮೆ ಬರುತ್ತದೆ. ಹಾಗಾಗಿ ಚಿಕಿತ್ಸೆಯ ಹೊತ್ತಿನಲ್ಲಿ ಲ್ಯಾಬ್ ಬದಲಿಸಿದರೆ ಎಂ ಪ್ರೋಟೀನ್ ಸುಮ್ನೆ ಇಳಿದಂತೆ ಕಾಣಬಹುದು.

ಮುಂದಿನ ಹೆಜ್ಜೆ ಇಮ್ಯುನೋಫಿಕ್ಸೇಷನ್. ಪಟ್ಟಿ ನಿಜವಾಗಿ ಒಂದೇ ಸಂತತಿಯದೇ, ಪ್ರತಿಕಾಯದ ಬಗೆ ಐಜಿಜಿಯೋ ಐಜಿಎಯೋ ಐಜಿಎಂಓ, ಅದರ ಸಣ್ಣ ಸರಪಳಿ ಕಪ್ಪಾವೋ ಲ್ಯಾಂಬ್ಡಾವೋ ಎಂದು ಇದು ಹೇಳುತ್ತದೆ. ಐಜಿಎಂ ಬಂದರೆ ವೈದ್ಯರ ಯೋಚನೆ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಆದ ಮೈಲೋಮಾಕ್ಕಿಂತ ವಾಲ್ಡೆನ್‌ಸ್ಟ್ರಾಮ್ ಕಾಯಿಲೆಯ ಕಡೆ ಹೋಗುತ್ತದೆ. ಐಜಿಎ ಎಷ್ಟೋ ಸಲ ಬೀಟಾದಲ್ಲಿ ಬಂದು ಕೂರುತ್ತದೆ, ಅಲ್ಲಿನ ಟ್ರಾನ್ಸ್‌ಫೆರಿನ್ ಮರೆಯಲ್ಲಿ ಸಣ್ಣ ಪಟ್ಟಿ ಕಾಣದೆ ಹೋಗಬಹುದು.

ಶಿಖರವೇ ಇಲ್ಲದ ಗ್ರಾಫ್ ಕೂಡ ಯಾವಾಗಲೂ ನಿರಾಳವಲ್ಲ. ಕೆಲವು ಮೈಲೋಮಾಗಳಲ್ಲಿ ಕೋಶಗಳು ಪ್ರತಿಕಾಯದ ಸಣ್ಣ ಸರಪಳಿಗಳನ್ನು ಮಾತ್ರ ಮಾಡುತ್ತವೆ. ಅವು ಕಿಡ್ನಿ ದಾಟಿ ಮೂತ್ರಕ್ಕೆ ಹೋಗಿಬಿಡುವುದರಿಂದ ಸೀರಮ್‌ನಲ್ಲಿ ಗಾಮಾ ಚಪ್ಪಟೆಯಾಗಿ ಕಾಣುತ್ತದೆ, ಅಷ್ಟೆ. ಅನುಮಾನ ಇದ್ದಾಗ ಈ ಸರಪಳಿಗಳನ್ನೇ ಅಳೆಯುವ ಸೀರಮ್ ಫ್ರೀ ಲೈಟ್ ಚೈನ್ ಪರೀಕ್ಷೆ ಮತ್ತು ಮೂತ್ರದ ಇಮ್ಯುನೋಫಿಕ್ಸೇಷನ್ ಎರಡನ್ನೂ ಜೊತೆಗೆ ಕೇಳಬೇಕು.