ತಳ ಹತ್ತಿದ್ದನ್ನ ತೊಳೆಯೋದು ಬಿಟ್ಟೆ: ಮಟನ್ ಸಾರು ಮತ್ತು ಡಿಗ್ಲೇಜಿಂಗ್, ನನ್ನ ಅನುಭವ

ಕಲಬುರಗಿಯಲ್ಲಿ ನಮ್ಮದೊಂದು ಚಿಕ್ಕ ಖಾನಾವಳಿ ಇದೆ. ವಾರಕ್ಕೆ ಮೂರು ದಿನ ಮಟನ್ ಮಾಡುತ್ತೇವೆ. ಭಾನುವಾರ ಏಳೆಂಟು ಕಿಲೋ ಹೋಗುತ್ತದೆ. ಕಳೆದ ಒಂದು ವರ್ಷದಿಂದ ಹಳೇ ಗಿರಾಕಿಗಳು ಊಟ ಮುಗಿಸಿ ಕೈ ತೊಳೆಯುತ್ತಾ ಕೇಳುತ್ತಾರೆ, "ಮಸಾಲಿ ಬದಲಿ ಮಾಡೀರೇನ್ರಿ ಅಕ್ಕಾ?" ಅಂತ. ಮಸಾಲೆ ಅದೇ. ನಿಜ ಹೇಳಬೇಕೆಂದರೆ ಮೊದಲಿಗಿಂತ ಕಡಿಮೆ ಹಾಕುತ್ತಿದ್ದೇನೆ. ಭಗೋಣಿಯ ತಳಕ್ಕೆ ಅಂಟಿಕೊಂಡ ಕಂದು ಪದರವನ್ನ ಮೊದಲು ನೀರು ಹಾಕಿ ನೆನೆಸಿ, ತಿಕ್ಕಿ, ಮೋರಿಗೆ ಚೆಲ್ಲುತ್ತಿದ್ದೆವು. ಈಗ ಅದು ಸಾರಿಗೆ ಹೋಗುತ್ತದೆ.

ಶುರುವಾಗಿದ್ದು ನನ್ನ ತಂಗಿ ಮಗನಿಂದ. ಅವನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಾನೆ. ರಜೆಗೆ ಬಂದಾಗ ಅವನ ನೋಟ್‌ಬುಕ್ಕಿನಲ್ಲಿ ಒಂದು ಮಾಂಸದ ಅಡುಗೆ ಬರೆದಿತ್ತು. ಮಾಂಸ ಹುರಿಯಿರಿ, ಹೊರಗೆ ತೆಗೆಯಿರಿ, ಆಮೇಲೆ ವೈನ್ ಹಾಕಿ ಡಿಗ್ಲೇಜ್ ಮಾಡಿ. ಗ್ಲೇಜ್ ಅಂದರೆ ಹೊಳಪು ಅಂತ ಗೊತ್ತಿತ್ತು. ಹಾಗಾದರೆ ಇದು ಹೊಳಪು ತೆಗೆಯೋದು, ಅಂದರೆ ಮೇಲೆ ತೇಲುವ ಎಣ್ಣೆ ತೆಗೆಯೋದು ಅಂದುಕೊಂಡೆ. ಎರಡು ವಾರ ಎಣ್ಣೆ ಬಸಿದು ಬಸಿದು ಸಾರು ಮಾಡಿದೆ. ಏನೂ ಆಗಲಿಲ್ಲ.

ಆಮೇಲೆ ಅವನೇ ಫೋನಿನಲ್ಲಿ ಬಿಡಿಸಿ ಹೇಳಿದ. ಅದು ಫ್ರೆಂಚರ ಅಡುಗೆಮನೆಯ ಮಾತು. ಮಾಂಸದ ರಸ ಬಿಸಿ ತಳಕ್ಕೆ ಇಳಿದು, ನೀರು ಆರಿ, ಕಂದಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಅವರು ಫಾಂಡ್ ಅನ್ನುತ್ತಾರೆ. ಆ ಮಾತಿನ ಅರ್ಥ ತಳ, ಬುನಾದಿ. ಆ ತಳದ ಮೇಲೆ ನೀರಿನಂಥದ್ದು ಏನಾದರೂ ಹಾಕಿ, ಕೆರೆದು, ಕರಗಿಸಿ ಸಾರಿಗೆ ಸೇರಿಸೋದೇ ಡಿಗ್ಲೇಜಿಂಗ್. ವೈನೇ ಆಗಬೇಕು ಅಂತಿಲ್ಲ, ನೀರು ಸಾಕು. ನಾನು ಫೋನ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ನಮ್ಮ ಕಡೆ "ತಳ ಹತ್ಯಾದ" ಅಂದರೆ ಅಡುಗೆ ಕೆಟ್ಟಿತು ಅಂತಲೇ ಅರ್ಥ. ಅವರು ಅದೇ ತಳವನ್ನ ಅಡುಗೆಯ ಬುನಾದಿ ಅನ್ನುತ್ತಾರೆ.

ನಮ್ಮ ಅತ್ತೆಗೆ ಹೇಳಿದೆ. "ಹೊತ್ತಿದ್ದು ಗಿರಾಕಿಗೆ ಉಣಸ್ತೀ ಏನ? ಹೆಸರು ಕೆಡಸ್ಕೋಬ್ಯಾಡ ನೋಡವಾ" ಅಂದರು. ರೊಟ್ಟಿ ಬಡಿಯಲು ಬರುವ ಮಾವಶಿಯೂ ಅದನ್ನೇ ಹೇಳಿದಳು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊತ್ತಿದ್ದು ಬೇರೆ, ಕಂದಾಗಿದ್ದು ಬೇರೆ. ಆ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ. ಅದನ್ನ ಕಲಿಯೋಕೆ ದುಡ್ಡು ಕಳೆದುಕೊಳ್ಳಬೇಕಾಯ್ತು.

ಮೊದಲ ಸಾರಿ ಐದು ಕಿಲೋ ಮಟನ್. ಒಂದು ಹುಟ್ಟುಹಬ್ಬದ ಆರ್ಡರ್. ನಾಲ್ಕು ಕಂತಿನಲ್ಲಿ ಹುರಿದೆ. ಜಲ್ದಿ ಮುಗಿಸಬೇಕು ಅಂತ ಉರಿ ಪೂರ್ತಿ ಇಟ್ಟೆ. ಅದರ ಮೇಲೆ ಖಾರಪುಡಿ, ಅರಿಶಿಣ ಮೊದಲೇ ಮಾಂಸಕ್ಕೆ ಸವರಿದ್ದೆ. ಎರಡನೇ ಕಂತಿಗೇ ಪುಡಿಯೆಲ್ಲ ತಳಕ್ಕೆ ಇಳಿದು ಕಪ್ಪಾಯ್ತು. ನಾನು ಹುಮ್ಮಸ್ಸಿನಲ್ಲಿ ನೀರು ಹಾಕಿ ಕೆರೆದು ಎಲ್ಲವನ್ನೂ ಸೇರಿಸಿಬಿಟ್ಟೆ. ಸಾರು ಕಹಿ. ಬೆಲ್ಲ ಹಾಕಿದೆ, ಹುಣಸೆಹುಳಿ ಹಾಕಿದೆ, ಕೊಬ್ಬರಿ ಅರೆದು ಹಾಕಿದೆ. ಆ ಕಹಿ ಹೋಗಲೇ ಇಲ್ಲ. ಮಾಂಸ ಒಂದಕ್ಕೇ ಮೂರೂವರೆ ಸಾವಿರದ ಮೇಲೆ ಆಗಿತ್ತು. ಮತ್ತೆ ಮಾಂಸ ತರಿಸಿ ರಾತ್ರಿ ಒಂಬತ್ತಕ್ಕೆ ಆರ್ಡರ್ ಮುಟ್ಟಿಸಿದೆ. ಅತ್ತೆ ಆ ರಾತ್ರಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ ಆಯ್ತು.

ಎರಡನೇ ಸಾರಿ ಹೆದರಿ ಉರಿ ಸಣ್ಣ ಮಾಡಿದೆ, ಮಾಂಸ ತೊಳೆದು ಹಾಗೇ ಹಸಿ ಹಸಿಯಾಗಿ ಹಾಕಿದೆ, ಎಲ್ಲಾ ಒಂದೇ ಸಾರಿ ತುಂಬಿದೆ. ಭಗೋಣಿ ತುಂಬ ನೀರು ಬಿಟ್ಟುಕೊಂಡಿತು. ಮಾಂಸ ಬೂದಿ ಬಣ್ಣಕ್ಕೆ ಬೆಂದಿತು, ತಳದಲ್ಲಿ ಏನೂ ಕೂಡಲಿಲ್ಲ. ಕಾರಣ ಆಮೇಲೆ ತಿಳೀತು. ನೀರು ಇರುವವರೆಗೆ ಭಗೋಣಿಯೊಳಗೆ ಶಾಖ 100 ಡಿಗ್ರಿ ಹತ್ತಿರವೇ ನಿಲ್ಲುತ್ತದೆ. ಮಾಂಸ ಚೆನ್ನಾಗಿ ಕಂದಾಗೋಕೆ 140 ಡಿಗ್ರಿ ಆಸುಪಾಸಾದರೂ ಬೇಕು. ಮಾಂಸದ ಪ್ರೋಟೀನು ಮತ್ತು ಅದರಲ್ಲೇ ಇರುವ ಸ್ವಲ್ಪ ಸಕ್ಕರೆ ಅಂಶ ಆ ಶಾಖದಲ್ಲಿ ಕೂಡಿದಾಗಲೇ ಆ ಬಣ್ಣ, ಆ ವಾಸನೆ ಹುಟ್ಟೋದು. 1912ರಲ್ಲಿ ಇದನ್ನ ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರ್ ಹೆಸರಲ್ಲೇ ಈಗಲೂ ಇದನ್ನ ಕರೆಯುತ್ತಾರೆ. ಅಷ್ಟು ಗೊತ್ತಿದ್ದರೆ ನಮಗೆ ಸಾಕು.

ಈಗ ನಾನು ಮಾಡೋದು ಹೀಗೆ. ಮೂರು ಕಿಲೋ ಲೆಕ್ಕ ಹೇಳುತ್ತೇನೆ.

ಮಾಂಸ ತೊಳೆದು ಜಾಳಿಗೆಯಲ್ಲಿ ಅರ್ಧ ತಾಸು ಬಸಿಯಲು ಬಿಟ್ಟು, ಆಮೇಲೆ ಬಟ್ಟೆಯಿಂದ ಒತ್ತಿ ಒರೆಸುತ್ತೇನೆ. ಉಪ್ಪು ಬಿಟ್ಟು ಬೇರೆ ಪುಡಿ ಸವರೋದಿಲ್ಲ. ದಪ್ಪ ತಳದ ಸ್ಟೀಲ್ ಭಗೋಣಿಯನ್ನ ನಡು ಉರಿಗಿಂತ ಸ್ವಲ್ಪ ಮೇಲೆ ಕಾಯಿಸಿ, ಒಂದು ಗ್ಲಾಸಿಗೆ ಸ್ವಲ್ಪ ಕಡಿಮೆ ಶೇಂಗಾ ಎಣ್ಣೆ. ಮುಕ್ಕಾಲು ಕಿಲೋದಂತೆ ನಾಲ್ಕು ಕಂತು. ತುಂಡುಗಳ ನಡುವೆ ಜಾಗ ಇರಬೇಕು. ಹಾಕಿದ ಮೇಲೆ ಎರಡು ಮೂರು ನಿಮಿಷ ಮುಟ್ಟೋದಿಲ್ಲ. ಕಂದಾದ ತುಂಡು ತಾನಾಗಿಯೇ ತಳ ಬಿಡುತ್ತದೆ. ಎಳೆದರೆ ಬರಲಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ.

ಪ್ರತಿ ಕಂತು ಮುಗಿದಾಗಲೂ ತಳ ನೋಡಬೇಕು. ಬೆಣ್ಣೆ ಕಾಯಿಸಿದಾಗ ತುಪ್ಪದ ಅಡಿಗೆ ಕೂಡುವ ಗಸಿ ಇದೆಯಲ್ಲ, ಚಿಕ್ಕವರಿದ್ದಾಗ ಸಕ್ಕರೆ ಕಲಸಿ ತಿನ್ನುತ್ತಿದ್ದೆವು, ಆ ಬಣ್ಣ ಇದ್ದರೆ ಮುಂದಿನ ಕಂತು ಹಾಕಬಹುದು. ಅದಕ್ಕಿಂತ ಗಾಢ ಆಗುತ್ತಿದ್ದರೆ ಕಾಯಬಾರದು. ಆಗಲೇ ಅರ್ಧ ಬಟ್ಟಲು ಬಿಸಿನೀರು ಹಾಕಿ ಬಿಡಿಸಿ, ಆ ರಸವನ್ನ ಬೇರೆ ಬಟ್ಟಲಿಗೆ ತೆಗೆದಿಟ್ಟು, ಭಗೋಣಿ ಒರೆಸಿ ಹೊಸದಾಗಿ ಶುರು ಮಾಡುತ್ತೇನೆ. ಅನುಮಾನ ಬಂದರೆ ಒಂದು ಮೂಲೆಯಲ್ಲಿ ಚಮಚ ನೀರು ಬಿಟ್ಟು ಕೆರೆದು, ಆರಿಸಿ, ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಆ ತಳವನ್ನ ತೊಳೆದುಬಿಡಿ. ಈ ಒಂದು ಚಮಚ ನನ್ನ ಆ ಐದು ಕಿಲೋ ಉಳಿಸುತ್ತಿತ್ತು.

ನಾಲ್ಕೂ ಕಂತು ಆದ ಮೇಲೆ ಎಣ್ಣೆ ಬಸಿದು ತೆಗೆದಿಡುತ್ತೇನೆ, ನಾಲ್ಕೈದು ಚಮಚ ಬಿಟ್ಟು. ತಳದ ಆ ಪದರ ಎಣ್ಣೆಗೆ ಕರಗೋದಿಲ್ಲ, ನೀರಿಗೆ ಕರಗುತ್ತದೆ. ಅಂಟಿದೆ ಅಂತ ಮೇಲಿಂದ ಮೇಲೆ ಎಣ್ಣೆ ಸುರಿಯುವವರನ್ನ ಸುಮಾರು ಜನ ನೋಡಿದ್ದೇನೆ. ಎಣ್ಣೆಯೂ ದಂಡ, ತಳವೂ ಹಾಗೇ ಕೂತಿರುತ್ತದೆ.

ಈಗ ಉರಿ ಸಣ್ಣ ಮಾಡಿ ಮುಕ್ಕಾಲು ಕಿಲೋ ಉಳ್ಳಾಗಡ್ಡಿ, ಉದ್ದಕ್ಕೆ ಹೆಚ್ಚಿದ್ದು, ಜೊತೆಗೆ ಚಿಟಿಕೆ ಉಪ್ಪು. ಉಳ್ಳಾಗಡ್ಡಿ ಬಿಡುವ ನೀರೇ ಮೊದಲ ಡಿಗ್ಲೇಜಿಂಗ್. ಐದು ನಿಮಿಷಕ್ಕೆ ಬಿಳಿ ಉಳ್ಳಾಗಡ್ಡಿ ತಳದ ಬಣ್ಣ ಹೀರಿಕೊಂಡು ಕಂದಾಗುತ್ತದೆ. ಆಮೇಲೆ ಅರ್ಧ ಗ್ಲಾಸು ಬಿಸಿನೀರು, ಒಮ್ಮೆಗೇ ಅಲ್ಲ, ಎರಡು ಸಾರಿ. ಚುರ್ ಅಂತ ಆವಿ ಏಳುತ್ತದೆ, ಮುಖ ದೂರ ಇಡಿ. ನೀರು ಬಿದ್ದ ಕ್ಷಣ ಪದರ ಮೆತ್ತಗಾಗುತ್ತದೆ. ಮೊಂಡು ತುದಿಯ ಕಟ್ಟಿಗೆ ಸೌಟಿನಿಂದ ತಳಕ್ಕೆ ಒತ್ತಿ ಕೆರೆಯಬೇಕು. ಮೊದಲು ಸೌಟು ಗರ ಗರ ಅನ್ನುತ್ತದೆ, ಬರಬರುತ್ತಾ ನುಣ್ಣಗೆ ಜಾರುತ್ತದೆ. ಆ ಸದ್ದು ನಿಂತರೆ ಕೆಲಸ ಮುಗೀತು. ತಳ ಬೆಳ್ಳಗೆ ಕಾಣುತ್ತದೆ, ನೀರು ಗಟ್ಟಿ ಚಹಾದ ಡಿಕಾಕ್ಷನ್ ಬಣ್ಣ ಆಗಿರುತ್ತದೆ. ಅದು ಅರ್ಧಕ್ಕೆ ಇಂಗಿದ ಮೇಲೆ ಶುಂಠಿ, ಬಳ್ಳೊಳ್ಳಿ, ಆಮೇಲೆ ಪುಡಿಗಳು, ಕೊನೆಗೆ ಮಾಂಸ ಮತ್ತು ತಟ್ಟೆಯಲ್ಲಿ ಇಳಿದ ಅದರ ರಸ. ಮುಂದಿನದು ನಿಮಗೆ ಗೊತ್ತೇ ಇದೆ.

ತಣ್ಣೀರು ಯಾಕೆ ಬೇಡ ಅಂದರೆ, ತೆಳು ತಳದ ಪಾತ್ರೆ ಕಾದಿರುವಾಗ ತಣ್ಣೀರು ಬಿದ್ದರೆ ತಳ ಉಬ್ಬಿ ಸೊಟ್ಟಾಗುತ್ತದೆ. ನಮ್ಮದೊಂದು ಹೀಗೇ ಹೋಯ್ತು, ಈಗ ಒಲೆ ಮೇಲೆ ಅಲುಗಾಡುತ್ತದೆ. ಸೂಪರ್ ಮಾರ್ಕೆಟ್‌ಗೆ ಹೋಗಿ ದಪ್ಪ ತಳದ್ದು ತಂದೆ, ಎರಡು ಸಾವಿರದ ಎಂಟುನೂರೋ ಏನೋ ಆಯ್ತು. ಆ ಖರ್ಚಿಗೆ ನನಗೆ ಬೇಜಾರಿಲ್ಲ.

ಕುಕ್ಕರಿನಲ್ಲಿ ಮಾಡುವವರಿಗೆ ಇದರಿಂದ ಇನ್ನೊಂದು ಲಾಭ ಇದೆ. ಹುರಿದ ತಳ ಬಿಡಿಸದೆ ಹಾಗೇ ಮುಚ್ಚಳ ಹಾಕಿದರೆ ಅಂಟಿದ್ದ ಜಾಗದಲ್ಲೇ ಸೀದುಹೋಗುತ್ತದೆ. ಮೊದಲೇ ಬಿಡಿಸಿದರೆ ಆ ತೊಂದರೆ ಕಡಿಮೆ.

ನೀರಿನ ಬದಲು ಬೇರೆಬೇರೆ ಹಾಕಿ ನೋಡಿದ್ದೇನೆ. ಹುಣಸೆ ನೀರು ತಳವನ್ನ ಬಲು ಚೆನ್ನಾಗಿ ಬಿಡಿಸುತ್ತದೆ. ಆದರೆ ಜರ್ಮನ್ ಪಾತ್ರೆಯಲ್ಲಿ, ಅಂದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿದಾಗ ಸಾರಿಗೆ ಲೋಹದ ರುಚಿ ಬಂತು. ಅಮ್ಮನ ಕಾಲದ ಕಬ್ಬಿಣದ ಕಡಾಯಿಯಲ್ಲಿ ಮಾಡಿದರೆ, ವರ್ಷಗಟ್ಟಲೆ ಎಣ್ಣೆ ಕುಡಿದು ಕೂತಿದ್ದ ಕಪ್ಪು ಹೊಳಪೇ ಎದ್ದು ಬಂತು. ಅದನ್ನ ಮತ್ತೆ ಪಳಗಿಸೋಕೆ ತಿಂಗಳು ಹಿಡೀತು. ಹುಳಿ ಏನಿದ್ದರೂ ಸ್ಟೀಲಿನಲ್ಲೇ. ಮೊಸರು ಬಿಸಿ ತಳಕ್ಕೆ ಬಿದ್ದ ಕೂಡಲೇ ಒಡೀತು. ನಾನ್‌ಸ್ಟಿಕ್‌ನಲ್ಲಿ ಮಾಡೋಕೆ ಹೋಗಬೇಡಿ. ಅಂಟದೇ ಇರಲಿ ಅಂತಲೇ ಮಾಡಿದ ಪಾತ್ರೆ ಅದು, ಬಿಡಿಸೋಕೆ ಅಲ್ಲಿ ಏನೂ ಸಿಗೋದಿಲ್ಲ. ನಾನು ಈಗ ಎರಡನೇ ಸಾರಿ ಹಾಕುವ ನೀರು ಬರೀ ನೀರಲ್ಲ. ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯೋದಿಲ್ಲ, ಅದು ನಮ್ಮ ಖಾನಾವಳಿಯದ್ದು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲು ಸಾರಿಗೆ ಬಣ್ಣ, ಗಟ್ಟಿತನ ಬರಲಿ ಅಂತ ರೆಡಿ ಮಟನ್ ಮಸಾಲೆ, ಗೋಡಂಬಿ ಹಾಕುತ್ತಿದ್ದೆ. ಕಿಲೋ ಮಾಂಸಕ್ಕೆ ಐವತ್ತು ರೂಪಾಯಿ ಹತ್ತಿರ ಆಗುತ್ತಿತ್ತು. ಗೋಡಂಬಿ ಪೂರ್ತಿ ಬಿಟ್ಟೆ, ರೆಡಿ ಮಸಾಲೆ ಅರ್ಧ ಆಯ್ತು. ಈಗ ಹದಿನೈದು ಇಪ್ಪತ್ತರಲ್ಲಿ ಮುಗಿಯುತ್ತದೆ. ಕಂತು ಮಾಡಿ ಹುರಿಯೋಕೆ ಗ್ಯಾಸ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಅರ್ಧ ತಾಸು ಹೆಚ್ಚು ನಿಲ್ಲಬೇಕು. ಅದನ್ನ ಕಳೆದರೂ ತಿಂಗಳಿಗೆ ಒಂದೂವರೆ ಸಾವಿರ ಉಳಿಯುತ್ತಿದೆ.

ಬದನೆಕಾಯಿ ಎಣ್ಣೆಗಾಯಿಗೂ ಮಾಡಿ ನೋಡಿದೆ. ಅಲ್ಲಿ ಶೇಂಗಾ, ಎಳ್ಳಿನ ಹೂರಣ ಉದುರಿ ತಳಕ್ಕೆ ಕೂತು ಬಲು ಬೇಗ ಕಪ್ಪಾಗುತ್ತದೆ. ಈಗ ಬರೀ ಬದನೆಕಾಯಿಯನ್ನ ಮೊದಲು ಹುರಿದು ತೆಗೆದು, ತಳ ಬಿಡಿಸಿ, ಆ ರಸದಲ್ಲೇ ಹೂರಣ ಕಲಸಿ ತುಂಬುತ್ತಿದ್ದೇನೆ. ಹುರಿದ ಕಾಯಿ ಮೆತ್ತಗಾಗಿ ತುಂಬುವಾಗ ಒಡೆಯುತ್ತದೆ, ಹತ್ತಕ್ಕೆ ಮೂರು ಹಾಳು. ಎಳೇ ಕಾಯಿ ತಂದು ಇನ್ನೊಮ್ಮೆ ಮಾಡಬೇಕು. ಹೋದ ಸಾರಿ ಮಾಡಿದಾಗ ಭಗೋಣಿಯಲ್ಲಿ ಉಳಿದ ರಸವನ್ನ ಮಾವಶಿ ಬಿಸಿ ರೊಟ್ಟಿಯಿಂದ ಒರೆಸಿಕೊಂಡು ತಿಂದಳು. ಅತ್ತೆ ತಾವೂ ಒಂದು ತುಂಡು ರೊಟ್ಟಿ ಮುರಿದುಕೊಂಡು ಹತ್ತಿರ ಬಂದರು.