ಹಳೆಯ ಗೇಮನ್ನು ಗೇಮ್‌ಪ್ಯಾಡಿನಲ್ಲಿ ಆಡುವುದು ಹೇಗೆ?

ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗೆ ಶಾಲೆ ರಜೆ ಕೊಟ್ಟರು ಅಂದ್ರೆ ಮನೆಯ ಹಳೆಯ ಕಂಪ್ಯೂಟರಿಗೆ ಬಿಡುವೇ ಇರುವುದಿಲ್ಲ. ಹೊಸ ಗೇಮುಗಳನ್ನು ಅದು ಎಳೆಯುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಹಿಂದಿನ ಗೇಮುಗಳೇ ಗತಿ. ಶಿವಮೊಗ್ಗದ ಅಂಗಡಿಯಿಂದ ತಂದ ಗೇಮ್‌ಪ್ಯಾಡ್ ಚುಚ್ಚಿದರೆ ಅದರ ದೀಪ ಹತ್ತುತ್ತದೆ, ಗೇಮ್ ಮಾತ್ರ ಕ್ಯಾರೇ ಅನ್ನುವುದಿಲ್ಲ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಫೋನ್ ಮಾಡಿ ಕೇಳಿದ್ದೂ ಇದನ್ನೇ: "ಮಾವ, ಪ್ಯಾಡ್ ಸರಿ ಉಂಟು, ಗೇಮಲ್ಲಿ ಎಂತದೂ ಆಗ್ತಿಲ್ಲ."

ಅವನು ಆಡಲು ಹೊರಟಿದ್ದು 2001ರ ಮ್ಯಾಕ್ಸ್ ಪೇನ್. ಫಿನ್ಲೆಂಡಿನ ರೆಮೆಡಿ ಕಂಪನಿ ಮಾಡಿದ ಈ ಗೇಮಿನ ಕಂಪ್ಯೂಟರ್ ಆವೃತ್ತಿಗೆ ಗೊತ್ತಿರುವುದು ಕೀಬೋರ್ಡ್ ಮತ್ತು ಮೌಸ್ ಮಾತ್ರ. ಗೇಮಿಗೆ ಪ್ಯಾಡಿನ ಭಾಷೆ ಕಲಿಸಲು ಹೋಗುವುದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ನಡುವೆ ಒಂದು ಸಣ್ಣ ಸಾಫ್ಟ್‌ವೇರ್ ಕೂರಿಸುವುದು. ಪ್ಯಾಡಿನ ಗುಂಡಿ ಒತ್ತಿದಾಗ ಅದು ವಿಂಡೋಸಿಗೆ "ಈಗ ಕೀ ಒತ್ತಿದರು" ಎಂದು ಹೇಳುತ್ತದೆ. ಗೇಮ್ ಅದನ್ನು ನಂಬುತ್ತದೆ. ಈ ಕೆಲಸಕ್ಕೆ ನಾನು ಬಳಸುವುದು AntiMicroX. ಉಚಿತ, ಮೂಲ ಕೋಡ್ ಬಹಿರಂಗ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ಅದರದೇ GitHub ಪುಟದಿಂದ ಇಳಿಸಿಕೊಳ್ಳಿ. ಬೇರೆ ಡೌನ್‌ಲೋಡ್ ಸೈಟುಗಳ ಸಹವಾಸ ಬೇಡ.

ಮೊದಲು ಪ್ಯಾಡ್ ನೋಡಿ

ಸಾಫ್ಟ್‌ವೇರ್ ತೆರೆಯುವ ಮೊದಲು ಪ್ಯಾಡ್ ಸರಿ ಇದೆಯಾ ಎಂದು ನೋಡಿಕೊಳ್ಳಬೇಕು. ವಿಂಡೋಸ್ ಕೀ ಜೊತೆ R ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
joy.cpl
```

ಪಟ್ಟಿಯಲ್ಲಿ ನಿಮ್ಮ ಪ್ಯಾಡಿನ ಹೆಸರು ಕಾಣುತ್ತದೆ. Properties ಒತ್ತಿ, ಒಂದೊಂದೇ ಗುಂಡಿ ಅದುಮಿ, ಎರಡೂ ಸ್ಟಿಕ್ ತಿರುಗಿಸಿ. ಪರದೆಯ ಮೇಲೆ ಅದಕ್ಕೆ ತಕ್ಕಂತೆ ಏನಾದರೂ ಅಲುಗಬೇಕು.

ಕಡಿಮೆ ಬೆಲೆಯ ಯುಎಸ್‌ಬಿ ಪ್ಯಾಡುಗಳಲ್ಲಿ ಒಂದು ಕಿತಾಪತಿ ಇದೆ. ನಡುವೆ Analog ಅಥವಾ Mode ಎಂಬ ಪುಟ್ಟ ಗುಂಡಿ ಇರುತ್ತದೆ. ಅದರ ಕೆಂಪು ದೀಪ ಆರಿದ್ದರೆ ಎಡಗಡೆಯ ಸ್ಟಿಕ್ ಬಾಣದ ಗುಂಡಿಗಳ ಹಾಗೆ ವರ್ತಿಸುತ್ತದೆ, ಬಲಗಡೆಯದು ಬರೀ ನಾಲ್ಕು ಗುಂಡಿಗಳಾಗಿಬಿಡುತ್ತದೆ. ಸ್ಟಿಕ್ಕನ್ನು ನಿಧಾನಕ್ಕೆ ಒತ್ತಿದರೂ ಗುರುತು ಒಂದೇ ಸಲಕ್ಕೆ ಅಂಚಿಗೆ ಹಾರಿದರೆ, ಅಥವಾ ಅಲುಗದೆ ಬೇರೆ ಯಾವುದೋ ದೀಪ ಹತ್ತಿದರೆ ಕಾರಣ ಇದೇ. ಆ ಗುಂಡಿ ಒಮ್ಮೆ ಒತ್ತಿ ದೀಪ ಹತ್ತಿಸಿಕೊಳ್ಳಿ. ಅಕ್ಕನ ಮಗನ ಪ್ಯಾಡಿನದ್ದೂ ಇದೇ ಕಥೆ.

ಇನ್ನೊಂದು ಕೆಲಸ ಕಾಗದ ಪೆನ್ನಿನದು. ಗೇಮ್ ತೆರೆದು, ಕೀಗಳನ್ನು ಹೊಂದಿಸುವ ಪುಟಕ್ಕೆ ಹೋಗಿ, ಯಾವ ಕೆಲಸಕ್ಕೆ ಯಾವ ಕೀ ಎಂದು ಬರೆದುಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಿಂತ ನಿಮ್ಮ ಪರದೆಯ ಮೇಲಿರುವುದೇ ಖಾತ್ರಿ. ಯಾರೋ ಹಿಂದೆ ಆಡಿದವರು ಬದಲಾಯಿಸಿರಬಹುದು ಅಲ್ವಾ?

ಗುಂಡಿಗಳು ಹತ್ತು ನಿಮಿಷದ ಕೆಲಸ

AntiMicroX ತೆರೆದರೆ ಪ್ಯಾಡಿನ ಎಲ್ಲ ಗುಂಡಿಗಳೂ ಹೆಸರಿನ ಸಮೇತ ಕಾಣುತ್ತವೆ. ಹೆಸರುಗಳು ಅದಲು ಬದಲಾಗಿದ್ದರೆ Controller Mapping ಒತ್ತಿ. ಅದು ಪ್ಯಾಡಿನ ಚಿತ್ರ ತೋರಿಸಿ ಒಂದೊಂದೇ ಗುಂಡಿ ಒತ್ತಲು ಹೇಳುತ್ತದೆ. ಅಷ್ಟು ಮಾಡಿದರೆ ಮುಂದೆ ಗೊಂದಲ ಇರುವುದಿಲ್ಲ.

ಆಮೇಲೆ ಒಂದು ಗುಂಡಿಯ ಮೇಲೆ ಕ್ಲಿಕ್ ಮಾಡಿ. ಕೀಬೋರ್ಡಿನ ಚಿತ್ರ ಬರುತ್ತದೆ. ಬೇಕಾದ ಕೀ ಆರಿಸಿದರೆ ಮುಗಿಯಿತು. ಮೌಸಿನ ಗುಂಡಿ ಬೇಕಿದ್ದರೆ ಪಕ್ಕದ Mouse ಪುಟಕ್ಕೆ ಹೋಗಿ. ನಾವು ಮ್ಯಾಕ್ಸ್ ಪೇನಿಗೆ ಜೋಡಿಸಿದ್ದು ಹೀಗೆ: ಬಲ ಟ್ರಿಗರಿಗೆ ಮೌಸಿನ ಎಡ ಗುಂಡಿ, ಅಂದರೆ ಗುಂಡು ಹಾರಿಸುವುದು. ಎಡ ಟ್ರಿಗರಿಗೆ ಮೌಸಿನ ಬಲ ಗುಂಡಿ, ಕಾಲ ನಿಧಾನವಾಗುವ ಆ ಪ್ರಸಿದ್ಧ ಜಿಗಿತ. A ಗುಂಡಿಗೆ ಹಾರಲು ಸ್ಪೇಸ್, X ಗುಂಡಿಗೆ ಗುಂಡು ತುಂಬಲು R, B ಗುಂಡಿಗೆ ಬಾಗಿಲು ತೆರೆಯಲು E. ನೋವಿನ ಮಾತ್ರೆ ನುಂಗುವ ಬ್ಯಾಕ್‌ಸ್ಪೇಸ್ Yಗೆ. ಬಂದೂಕು ಬದಲಿಸುವ ಮೌಸ್ ಚಕ್ರ ಬಾಣದ ಗುಂಡಿಗಳ ಮೇಲೆ ಕೆಳಗೆ. Start ಗುಂಡಿಗೆ Esc.

F9, ಅಂದರೆ ಹಿಂದೆ ಉಳಿಸಿದ ಜಾಗಕ್ಕೆ ಜಿಗಿಯುವ ಕೀ, ಪ್ಯಾಡಿನಲ್ಲಿ ಬೇಡವೇ ಬೇಡ. ಆಟದ ಬಿಸಿಯಲ್ಲಿ ಬೆರಳು ತಾಗಿದರೆ ಅರ್ಧ ಗಂಟೆಯ ಆಟ ಹೋಯಿತು. ಅದಕ್ಕೆ ಕೀಬೋರ್ಡೇ ಇರಲಿ.

ಎಡ ಸ್ಟಿಕ್ ನಡೆಯುವುದಕ್ಕೆ. L Stick ಮೇಲೆ ಕ್ಲಿಕ್ ಮಾಡಿ, Presets ಪಟ್ಟಿಯಿಂದ `Keys: W | A | S | D` ಆರಿಸಿ. ಇಲ್ಲಿ ಒಂದು ಮಿತಿ ಒಪ್ಪಿಕೊಳ್ಳಲೇಬೇಕು. ಕೀ ಅಂದ್ರೆ ಒತ್ತಿದೆ ಅಥವಾ ಒತ್ತಿಲ್ಲ, ಅಷ್ಟೇ. ಸ್ಟಿಕ್ಕನ್ನು ಸ್ವಲ್ಪ ಒತ್ತಿದರೆ ನಿಧಾನ ನಡಿಗೆ, ಪೂರ್ತಿ ಒತ್ತಿದರೆ ಓಟ ಎನ್ನುವ ಹೊಸ ಗೇಮುಗಳ ಸುಖ ಇದರಲ್ಲಿ ಸಿಗುವುದಿಲ್ಲ. ನೇರ ಮುಂದೆ ಹೋಗುವಾಗ ಪಾತ್ರ ಪಕ್ಕಕ್ಕೆ ಸರಿಯುತ್ತಿದ್ದರೆ Diagonal Range ಅನ್ನು 45ರಿಂದ 30ಕ್ಕೆ ಇಳಿಸಿ. ಆಗ ನೇರ ದಿಕ್ಕುಗಳಿಗೆ ಜಾಸ್ತಿ ಜಾಗ ಸಿಗುತ್ತದೆ.

ಬಲ ಸ್ಟಿಕ್‌ನಲ್ಲೇ ಇರುವುದು ಎಲ್ಲ

R Stickಗೆ `Mouse (Normal)` ಆರಿಸಿದ ಕೂಡಲೇ ಪರದೆಯ ಮೇಲೆ ಬಾಣ ಓಡಾಡುತ್ತದೆ. ಇಲ್ಲಿಗೇ ನಿಲ್ಲಿಸಿ ಗೇಮಿಗೆ ಹೋದವರು "ಗುರಿಯೇ ಸಿಗಲ್ಲ" ಎಂದು ಪ್ಯಾಡನ್ನು ಪೆಟ್ಟಿಗೆಗೆ ಹಾಕಿಬಿಡುತ್ತಾರೆ.

ಮೌಸನ್ನು ಎಷ್ಟು ದೂರ ಸರಿಸಿದಿರೋ ಗುರಿ ಅಷ್ಟೇ ದೂರ ಸರಿಯುತ್ತದೆ. ಕೈ ನಿಂತರೆ ಗುರಿಯೂ ನಿಲ್ಲುತ್ತದೆ. ಸ್ಟಿಕ್ ಹಾಗಲ್ಲ, ಅದು ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ. ಎಷ್ಟು ಒತ್ತಿದ್ದೀರಿ ಎನ್ನುವುದು ವೇಗ ಹೇಳುತ್ತದೆ, ಒತ್ತಿ ಹಿಡಿದಷ್ಟು ಹೊತ್ತೂ ಗುರಿ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಹೊಂದಿಸಬೇಕಾದ್ದು ಎರಡೇ: ಎಲ್ಲಿಂದ ಶುರುವಾಗಬೇಕು, ಎಷ್ಟು ವೇಗದವರೆಗೆ ಹೋಗಬೇಕು.

ಶುರು ಎಲ್ಲಿಂದ ಎನ್ನುವುದನ್ನು ಹೇಳುವುದು Dead Zone. ಸ್ಟಿಕ್ ನಡುವಿನಿಂದ ಅಂಚಿನವರೆಗೆ 0ಯಿಂದ 32767ರ ತನಕ ಎಣಿಕೆ ಕೊಡುತ್ತದೆ. ಸಾಮಾನ್ಯವಾಗಿ ಮೊದಲ 8000, ಅಂದರೆ ಹೆಚ್ಚು ಕಡಿಮೆ ಕಾಲು ಭಾಗ, ಲೆಕ್ಕಕ್ಕಿಲ್ಲ. ನಡೆಯುವ ಸ್ಟಿಕ್ಕಿಗೆ ಇದು ಸರಿ. ಗುರಿ ಇಡುವ ಸ್ಟಿಕ್ಕಿಗೆ ಇಷ್ಟು ದೊಡ್ಡ ಸತ್ತ ಜಾಗ ತೊಂದರೆ, ಬೆರಳಿನ ಸಣ್ಣ ಚಲನೆಯೆಲ್ಲ ಅಲ್ಲೇ ನುಂಗಿ ಹೋಗುತ್ತದೆ. 4000ಕ್ಕೆ ಇಳಿಸಿ, ಕೈ ಬಿಟ್ಟು ನೋಡಿ. ಗುರಿ ತನ್ನಷ್ಟಕ್ಕೆ ಒಂದು ಕಡೆ ಜಾರುತ್ತಿದ್ದರೆ ಸ್ಟಿಕ್ ಸವೆದಿದೆ ಎಂದರ್ಥ. ಐನೂರು ಐನೂರು ಏರಿಸುತ್ತಾ ಹೋಗಿ, ಜಾರುವುದು ನಿಂತಲ್ಲಿ ನಿಲ್ಲಿಸಿ.

ಇನ್ನು ವೇಗ. ಇದಕ್ಕೆ Mouse Settings ತೆರೆಯಬೇಕು. ಅಡ್ಡ ಮತ್ತು ಉದ್ದ ಚಲನೆಗೆ ಬೇರೆ ಬೇರೆ ಅಂಕಿ ಇರುತ್ತದೆ. ಗೇಮಿನ ಒಳಗೂ ಮೌಸಿನ ಸೂಕ್ಷ್ಮತೆ ಹೊಂದಿಸುವ ಪಟ್ಟಿ ಇದೆ. ಎರಡನ್ನೂ ಒಟ್ಟಿಗೆ ತಿರುಚಿದರೆ ತಲೆ ಕೆಡುತ್ತದೆ. ಗೇಮಿನ ಒಳಗಿನದನ್ನು ಕಡಿಮೆ ಇಟ್ಟು ಹಾಗೇ ಬಿಡಿ, AntiMicroXನ ಅಂಕಿಯನ್ನು ಮಾತ್ರ ಬದಲಾಯಿಸಿ. ಇದಕ್ಕೆ ಕಾರಣ ಇದೆ. ಗೇಮಿನ ಸೂಕ್ಷ್ಮತೆ ಜಾಸ್ತಿ ಇದ್ದರೆ ಮೌಸಿನ ಒಂದೇ ಒಂದು ಹೆಜ್ಜೆಗೂ ಗುರಿ ದೊಡ್ಡದಾಗಿ ನೆಗೆಯುತ್ತದೆ. ಸ್ಟಿಕ್ಕನ್ನು ಎಷ್ಟೇ ಮೆಲ್ಲಗೆ ಒತ್ತಿದರೂ ಆ ನೆಗೆತ ಸಣ್ಣದಾಗುವುದಿಲ್ಲ. ಗೇಮಿನದು ಕಡಿಮೆ ಇದ್ದರೆ ಹೆಜ್ಜೆಗಳು ಸಣ್ಣವು, ವೇಗ ಬೇಕಾದಾಗ ಸಾಫ್ಟ್‌ವೇರ್ ಅವನ್ನೇ ಬೇಗ ಬೇಗ ಕಳಿಸುತ್ತದೆ.

ಅಳೆಯುವುದು ಹೀಗೆ. ಯಾರೂ ಇಲ್ಲದ ಕೋಣೆಯಲ್ಲಿ ನಿಲ್ಲಿ. ಎದುರಿನ ಬಾಗಿಲಿಗೆ ಗುರಿ ಇಟ್ಟು, ಸ್ಟಿಕ್ಕನ್ನು ಪೂರ್ತಿ ಬಲಕ್ಕೆ ಒತ್ತಿ ಹಿಡಿಯಿರಿ. ಅದೇ ಬಾಗಿಲು ಮತ್ತೆ ಎದುರಿಗೆ ಬರಲು ಎಷ್ಟು ಹೊತ್ತು? ಒಂದು ಸೆಕೆಂಡಿನ ಒಳಗೆ ಬಂದರೆ ತೀರಾ ಜೋರು. ನಾಲ್ಕು ಸೆಕೆಂಡ್ ಆದರೆ ಬೆನ್ನ ಹಿಂದಿನವನು ಗುಂಡು ಹಾರಿಸಿ ಮುಗಿಸಿರುತ್ತಾನೆ. ಎರಡು ಸೆಕೆಂಡಿನ ಆಸುಪಾಸು ನನಗೆ ಹಿತ. ಉದ್ದ ಚಲನೆಗೆ ಅಡ್ಡ ಚಲನೆಯ ಅಂಕಿಯ ಮೂರರಲ್ಲಿ ಎರಡು ಭಾಗ ಸಾಕು, ಆಕಾಶ ನೆಲ ನೋಡುವ ಕೆಲಸ ಕಡಿಮೆ ತಾನೇ. ಅದೇ ಪುಟದಲ್ಲಿ Acceleration ಎಂಬ ಪಟ್ಟಿಯೂ ಇದೆ. ಅದರಲ್ಲಿ Quadratic ಹಾಕಿ ನೋಡಿ. ನಡುವಿನ ಹತ್ತಿರ ಗುರಿ ಮೆಲ್ಲಗೆ ಚಲಿಸುತ್ತದೆ, ಅಂಚಿಗೆ ಬಂದಾಗ ಮಾತ್ರ ಓಡುತ್ತದೆ.

ಇಷ್ಟಾದರೂ ಮೌಸಿನ ಚುರುಕು ಬರುವುದಿಲ್ಲ, ನಿಜ. ಆದರೆ ಮ್ಯಾಕ್ಸ್ ಪೇನ್ ಇದಕ್ಕೆ ಹೇಳಿ ಮಾಡಿಸಿದ ಗೇಮ್. ಎಡ ಟ್ರಿಗರ್ ಒತ್ತಿ ಜಿಗಿದರೆ ಇಡೀ ಲೋಕ ನಿಧಾನವಾಗುತ್ತದೆ, ನಿಮ್ಮ ಗುರಿ ಮಾತ್ರ ಮೊದಲಿನ ವೇಗದಲ್ಲೇ ತಿರುಗುತ್ತದೆ. ಸ್ಟಿಕ್ಕಿನ ಕೊರತೆಯನ್ನು ಗೇಮೇ ತುಂಬಿಕೊಡುತ್ತದೆ.

ಡೆಸ್ಕ್‌ಟಾಪಿನಲ್ಲಿ ಸರಿ, ಗೇಮಿನಲ್ಲಿ ಇಲ್ಲ!

ಎಲ್ಲರಿಗೂ ಬರುವ ತೊಂದರೆ ಇದು. ನೋಟ್‌ಪ್ಯಾಡಿನಲ್ಲಿ W ಬೀಳುತ್ತದೆ, ಬಾಣ ಓಡುತ್ತದೆ, ಗೇಮ್ ತೆರೆದರೆ ಎಲ್ಲ ಸತ್ತ ಹಾಗೆ. ಹಳೆಯ ಗೇಮುಗಳನ್ನು ಓಡಿಸಲು ಸುಮಾರು ಜನ Run as administrator ಬಳಸುತ್ತಾರೆ. ಹಾಗೆ ಓಡುವ ಗೇಮಿಗೆ, ಸಾಮಾನ್ಯ ಅಧಿಕಾರದಲ್ಲಿ ಓಡುವ ಸಾಫ್ಟ್‌ವೇರ್ ಕಳಿಸುವ ಕೀಗಳನ್ನು ವಿಂಡೋಸ್ ತಲುಪಿಸುವುದಿಲ್ಲ. ತಪ್ಪು ಎಂದೂ ಹೇಳುವುದಿಲ್ಲ, ಸುಮ್ನೆ ತಡೆಯುತ್ತದೆ. AntiMicroXನ ಮೇಲೂ ರೈಟ್ ಕ್ಲಿಕ್ ಮಾಡಿ Run as administrator ಕೊಡಿ, ಸರಿಯಾಗುತ್ತದೆ.

ಇದರ ಉಲ್ಟಾ ತೊಂದರೆಯೂ ಇದೆ. ಒಂದು ಒತ್ತಿದರೆ ಎರಡು ಕೆಲಸ, ಅಥವಾ ಗುರಿ ವಿಪರೀತ ಓಡುವುದು. ಹಿನ್ನೆಲೆಯಲ್ಲಿ Steam ತೆರೆದಿದೆಯಾ ನೋಡಿ. ಅದೂ ಪ್ಯಾಡನ್ನು ಮೌಸ್ ಮಾಡಬಲ್ಲದು. AntiMicroX ಮುಚ್ಚಿದ ಮೇಲೂ ಸ್ಟಿಕ್ಕಿಗೆ ಬಾಣ ಓಡಿದರೆ ಅದರದ್ದೇ ಕೈವಾಡ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಜೋಡಿಸಿದ್ದನ್ನು Save ಒತ್ತಿ ಫೈಲಾಗಿ ಉಳಿಸಿ, ಅದೂ ಎಲ್ಲ ಮುಗಿದ ಮೇಲಲ್ಲ, ಒಂದೊಂದು ಹಂತಕ್ಕೂ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕೇಳಿ ಹೋಗುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ `.amgp` ಇರುತ್ತದೆ, ಗೆಳೆಯರಿಗೆ ಕಳಿಸಲೂಬಹುದು. Auto Profiles ಎಂಬ ಪುಟದಲ್ಲಿ ಆ ಫೈಲನ್ನೂ ಗೇಮಿನ `.exe` ಫೈಲನ್ನೂ ಜೋಡಿಸಿಟ್ಟರೆ, ಗೇಮ್ ತೆರೆದಾಗ ಜೋಡಣೆ ತಾನಾಗಿಯೇ ಬರುತ್ತದೆ.

ಇದೇ ಧೈರ್ಯದಲ್ಲಿ ಏಜ್ ಆಫ್ ಎಂಪೈರ್ಸ್‌ಗೂ ಕೈ ಹಾಕಬೇಡಿ. ಸೈನಿಕರ ಸುತ್ತ ಚೌಕ ಎಳೆಯುವಷ್ಟರಲ್ಲಿ ಊರು ಉರಿದಿರುತ್ತದೆ, ಅಂಥ ಗೇಮುಗಳಿಗೆ ಮೌಸೇ ಸರಿ. ಮೋಸ ಪತ್ತೆ ಮಾಡುವ ಸಾಫ್ಟ್‌ವೇರ್ ಇರುವ ಆನ್‌ಲೈನ್ ಗೇಮುಗಳನ್ನು ತೆರೆಯುವ ಮುಂಚೆ AntiMicroX ಮುಚ್ಚಿಬಿಡಿ. ಹೊರಗಿನಿಂದ ಬರುವ ಕೀಗಳನ್ನು ಅವು ಅನುಮಾನದಿಂದ ನೋಡಬಹುದು.