ಕತ್ತಿಯ ಮುಂದೆ ನಿಂತು ಹೇಳಿದ ಕಥೆ: ಕಥೆಯೊಳಗಿನ ಕಥೆಯನ್ನು ಬಿಡಿಸುವುದು ಹೇಗೆ?

ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಜಗುಲಿಯಲ್ಲಿ ಭಾನುವಾರ ಸಂಜೆ ನಾವು ಏಳೆಂಟು ಮಂದಿ ಸೇರಿ ಹಳಗನ್ನಡ ಓದುತ್ತೇವೆ. ಜನ್ನನ ‘ಯಶೋಧರ ಚರಿತೆ’ಯನ್ನು ಮುಗಿಸಿದ ದಿನ ವಾದವೆಲ್ಲ ಅಮೃತಮತಿಯ ಸುತ್ತಲೇ ನಡೆಯಿತು. ರಾಣಿಯಾದವಳು ಕುರೂಪಿ ಮಾವುತ ಅಷ್ಟಾವಂಕನ ಹಾಡಿಗೆ ಸೋತದ್ದೇಕೆ? ಬಲಿ ಕೊಡಲು ನಿಂತ ರಾಜ ಮಾರಿದತ್ತನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕಾವ್ಯ ತೆರೆದುಕೊಳ್ಳುವುದು ಅವನ ಎದುರಿನಲ್ಲಿ, ಮುಗಿಯುವುದೂ ಅಲ್ಲಿಯೇ. ಒಳಕಥೆಯ ರುಚಿಗೆ ಹೊರಕಥೆ ಮರೆತುಹೋಗುವುದು ಇಂಥ ಕೃತಿಗಳನ್ನು ಓದುವಾಗ ಎಲ್ಲರಿಗೂ ಆಗುವ ಎಡವಟ್ಟು.

ಮುಂದಿನ ವಾರ ಒಂದು ಹಾಳೆ, ಪೆನ್ಸಿಲ್ ಹಿಡಿದು ಕುಳಿತೆವು. ಮೊದಲು ಬರೆದುಕೊಳ್ಳಬೇಕಾದದ್ದು ಕಥೆಯ ಸಾರಾಂಶವನ್ನಲ್ಲ. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳುತ್ತಿದ್ದಾರೆ ಎಂಬುದನ್ನು. 1209ರ ಈ ಕಾವ್ಯದ ಹೊರ ಪದರದಲ್ಲಿ ಮಾರಿದತ್ತ ರಾಜ ಚಂಡಮಾರಿಗೆ ಎಳೆಯ ಜೋಡಿಯೊಂದನ್ನು ಬಲಿಕೊಡಲು ನಿಂತಿದ್ದಾನೆ. ಹಿಡಿದು ತಂದದ್ದು ಅಭಯರುಚಿ ಮತ್ತು ಅಭಯಮತಿ ಎಂಬ ಒಡಹುಟ್ಟಿದವರನ್ನು. ಅವರ ನಿರ್ಭಯತೆ ಕಂಡು ರಾಜ ‘ನೀವು ಯಾರು’ ಎಂದು ಕೇಳುತ್ತಾನೆ. ಅಭಯರುಚಿ ಕೊಡುವ ಉತ್ತರವೇ ಒಳಕಥೆ. ಅಂದರೆ ಕೇಳುಗನ ಕೈಯಲ್ಲಿ ಕತ್ತಿಯಿದೆ, ಹೇಳುವವನ ಕೊರಳು ಅದರ ಕೆಳಗಿದೆ. ಈ ಸಾಲನ್ನು ಹಾಳೆಯ ತಲೆಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಘಟನೆಯನ್ನೂ ‘ಇದನ್ನು ಈಗ ಮಾರಿದತ್ತನ ಕಿವಿಗೆ ಏಕೆ ಹಾಕುತ್ತಿದ್ದಾನೆ’ ಎಂದು ಕೇಳುತ್ತಾ ಓದಬೇಕು.

ಎರಡನೆಯದು, ಎರಡೂ ಪದರಗಳಲ್ಲಿ ಕಾಣಿಸಿಕೊಳ್ಳುವ ವಸ್ತುವನ್ನು ಹುಡುಕುವುದು. ಇಲ್ಲಿ ಅದು ಬಲಿ. ಉಜ್ಜಯಿನಿಯ ರಾಜ ಯಶೋಧರ ಹೆಂಡತಿ ಅಮೃತಮತಿಯ ಗುಟ್ಟನ್ನು ಕಣ್ಣಾರೆ ಕಂಡು ಕತ್ತಿ ಎತ್ತುತ್ತಾನೆ, ಆದರೆ ಕೊಲ್ಲದೆ ತಡೆದುಕೊಳ್ಳುತ್ತಾನೆ. ಅವನ ಸಂಕಟ ಕಂಡ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲು ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಗೆ ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ! ಆಮೇಲೆ ಅಮೃತಮತಿಯ ವಿಷಕ್ಕೆ ತಾಯಿ, ಮಗ ಇಬ್ಬರೂ ಸಾಯುತ್ತಾರೆ. ನವಿಲು, ನಾಯಿ ಎಂದು ಮೊದಲಾಗಿ ಪ್ರಾಣಿಜನ್ಮಗಳ ಸಾಲು ಹಿಡಿದು ಒಬ್ಬರಿಂದೊಬ್ಬರು, ಇಲ್ಲವೇ ಇತರರ ಕೈಯಲ್ಲಿ, ಮತ್ತೆ ಮತ್ತೆ ಸಾಯುತ್ತಾರೆ. ಈಗ ಲೆಕ್ಕ ಹಾಕಿ: ಹಿಟ್ಟಿನ ಒಂದು ಕೋಳಿಗೆ ಇಷ್ಟಾದರೆ, ಉಸಿರಾಡುವ ಎರಡು ಮಕ್ಕಳಿಗೆ ಎಷ್ಟು? ಅಭಯರುಚಿ ಇದನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಕೋಳಿ ಹಿಟ್ಟಿನದ್ದಾಗಿರುವುದು ಕಥೆಯ ಸ್ವಾರಸ್ಯಕ್ಕಷ್ಟೇ ಅಲ್ಲ, ಎದುರಿಗೆ ನಿಂತ ಕತ್ತಿಗೆ ಕೊಡುವ ಉತ್ತರಕ್ಕೆ.

ಮೂರನೆಯ ಹೆಜ್ಜೆಯಲ್ಲಿ ನಮ್ಮ ಗುಂಪು ನಿಜವಾಗಿ ಬೆರಗಾಯಿತು. ಒಳಕಥೆಯೊಳಗೆ ಇನ್ನೂ ಯಾರಾದರೂ ಕಥೆ ಹೇಳುತ್ತಾರೆಯೇ ಎಂದು ನೋಡಬೇಕು. ಹೇಳುತ್ತಾರೆ. ಯಶೋಧರ ಕಂಡದ್ದನ್ನು ತಾಯಿಗೆ ನೇರವಾಗಿ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ಕಟ್ಟಿ ಹೇಳುತ್ತಾನೆ. ಕನಸಿನ ದೋಷ ಕಳೆಯಲೆಂದೇ ತಾಯಿ ಬಲಿಯ ಮಾತೆತ್ತುವುದು. ಕಟ್ಟಿದ ಚಿಕ್ಕ ಕಥೆಯೊಂದು ಕತ್ತಿಯನ್ನು ಹಿಟ್ಟಿನ ಕೋಳಿಯ ಮೇಲೆ ಬೀಳಿಸಿತು. ಅದೇ ಜೀವ, ಜನ್ಮಗಳನ್ನು ದಾಟಿ ಬಂದು, ನಡೆದದ್ದನ್ನು ನಡೆದಂತೆ ಹೇಳಿ ಇನ್ನೊಂದು ಕತ್ತಿಯನ್ನು ತಡೆಯುತ್ತಿದೆ. ಏಕೆಂದರೆ ಅಭಯರುಚಿಯೇ ಹಿಂದಿನ ಯಶೋಧರ. ಈ ಜನ್ಮದಲ್ಲಿ ಅವನು ತನ್ನದೇ ಮಗ ಯಶೋಮತಿಯ ಮಗ.

ಹಾಗಿದ್ದರೆ ಇಷ್ಟೆಲ್ಲ ಅವನಿಗೆ ಗೊತ್ತಾದದ್ದು ಹೇಗೆ? ಹೇಳುವವನ ತಿಳಿವಿನ ಮೂಲವನ್ನೂ ಗುರುತು ಮಾಡಿಕೊಳ್ಳಿ. ಜೈನ ಮುನಿ ಸುದತ್ತಾಚಾರ್ಯರು ಯಶೋಮತಿಗೆ ಹಿಂದಿನ ಜನ್ಮಗಳನ್ನು ಹೇಳುವಾಗ ಮಕ್ಕಳಿಗೆ ನೆನಪು ಮರಳುತ್ತದೆ. ಅದೇ ಸುದತ್ತರು ಹೊರಕಥೆಯಲ್ಲಿ ಈ ಮಕ್ಕಳ ಗುರು. ಎರಡು ಪದರಗಳನ್ನು ಹೊಲಿದ ದಾರ ಅವರು.

ಅಮೃತಮತಿಯ ಪ್ರಶ್ನೆ ಈಗ ಬೇರೆಯಾಗುತ್ತದೆ. ಅವಳ ಬಗ್ಗೆ ನಾವು ಕೇಳುವುದು ಅವಳ ವಿಷಕ್ಕೆ ಸತ್ತ ಗಂಡನ ಬಾಯಿಂದ; ಅದನ್ನು ಜನ್ನನ ತೀರ್ಪೆಂದು ಹಾಗೆಯೇ ಒಪ್ಪಿಕೊಳ್ಳುವುದು ಆತುರವಾದೀತು. ಹಾಗೆಂದು ಎಲ್ಲದಕ್ಕೂ ಜೋಡಿ ಹುಡುಕುವ ಚಟವೂ ಬೇಡ. ನವಿಲಿಗೆ, ನಾಯಿಗೆ ಹೊರಕಥೆಯಲ್ಲಿ ಯಾರು ಸಮ ಎಂದು ನಾವು ಅರ್ಧ ಗಂಟೆ ಕಳೆದೆವು, ಏನೂ ಗಿಟ್ಟಲಿಲ್ಲ.

ಹೊಂದಾಣಿಕೆ ನಿಜವೋ ನಮ್ಮ ಕಲ್ಪನೆಯೋ ಎಂದು ತಿಳಿಯಲು ಚೌಕಟ್ಟನ್ನು ತೆಗೆದು ನೋಡಿ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಈ ಕಥೆಯನ್ನು ತೆಗೆದುಕೊಂಡಾಗ ಮಾರಿದತ್ತನನ್ನು ಬಿಟ್ಟರು. ಅಲ್ಲಿ ರಾಜ, ರಾಣಿ, ತಾಯಿ, ಮಾವುತರ ನಡುವಿನ ಜಗಳ ಉಳಿಯುತ್ತದೆ, ಕತ್ತಿ ಹಿಡಿದು ಕೇಳುವವನು ಇಲ್ಲ.

ನಮ್ಮ ಹಾಳೆಯ ಅಂಚಿನಲ್ಲಿ ಒಂದು ಹೆಸರು ಮಾತ್ರ ಉಳಿದಿತ್ತು. ಗುಂಪಿನ ಹಿರಿಯ ಮೇಷ್ಟ್ರೊಬ್ಬರು ಅದರ ಸುತ್ತ ಗೆರೆ ಎಳೆದರು: ಅಭಯಮತಿ. ಅಂದರೆ ಹಿಂದಿನ ಚಂದ್ರಮತಿ. ‘ಬಲಿ ಕೊಡು’ ಎಂದವಳು ಈಗ ಬಲಿಗೆಂದು ನಿಂತು, ತನ್ನ ಕಥೆಯನ್ನು ಮಗನ ಬಾಯಲ್ಲಿ ಮೊದಲಿನಿಂದ ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದಾಳೆ.